ನೊರೆ ನಿಲ್ಲದಿದ್ದರೆ ಕೈಯನ್ನು ಬೈಯಬೇಡಿ, ನೀರನ್ನು ಅಳೆಯಿರಿ

ಡಾಲ್ಗೋನಾ ಕಾಫಿ ಮಾಡಲು ಹೋಗಿ ನೊರೆ ಬರಲಿಲ್ಲ ಎಂದರೆ ನಮ್ಮಲ್ಲಿ ಸಿಗುವ ಸಲಹೆ ಒಂದೇ: ‘ಇನ್ನೂ ಸ್ವಲ್ಪ ಹೊತ್ತು ಕಲಕು’. ಪುದಿಯಾಪ್ಳೆ ಬರುವ ದಿನ ಮನೆಯ ಹುಡುಗಿ ಅರ್ಧ ಗಂಟೆ ಬಟ್ಟಲು ಹಿಡಿದು ಕೂತಿರುತ್ತಾಳೆ. ಕೊನೆಗೆ ಕಪ್ಪು ನೀರಿನ ಮೇಲೆ ಸಾಬೂನಿನ ಗುಳ್ಳೆಯಂಥದ್ದು ತೇಲುತ್ತದೆ, ‘ನಿನ್ನ ಕೈಯಲ್ಲಿ ಬಲವಿಲ್ಲ’ ಎಂಬ ಮಾತು ಅವಳ ಪಾಲಿಗೆ. ಇಲ್ಲವಾದರೆ ದೂರು ನಮ್ಮ ಅಂಗಡಿಗೆ ಬರುತ್ತದೆ, ‘ನೀವು ಕೊಟ್ಟದ್ದು ಡೂಪ್ಲಿಕೇಟ್ ಪುಡಿ’ ಎಂದು. ನನ್ನ ಪ್ರಕಾರ ಎರಡೂ ಅನ್ಯಾಯ. ಹೆಚ್ಚಿನ ಸಲ ಕಲಕಲು ಶುರು ಮಾಡುವ ಮೊದಲೇ, ಚಮಚ ಬಟ್ಟಲಿಗೆ ಬೀಳುವಾಗಲೇ ಕೆಲಸ ಕೆಟ್ಟಿರುತ್ತದೆ.

ಈ ಕಾಫಿಗೆ ಹೆಸರು ಬಂದದ್ದು ಕೊರಿಯಾದಿಂದ. 2020ರ ಜನವರಿಯಲ್ಲಿ ಅಲ್ಲಿನ ನಟ ಜಂಗ್ ಇಲ್-ವೂ ಮಕಾವಿನ ಒಂದು ಕೆಫೆಯಲ್ಲಿ ಇದನ್ನು ಕುಡಿದು, ತಮ್ಮೂರಿನ ಡಾಲ್ಗೋನಾ ಎಂಬ ಸಕ್ಕರೆ ಮಿಠಾಯಿಯ ರುಚಿ ಎಂದರು. ಆಮೇಲೆ ಲಾಕ್‌ಡೌನ್ ಬಂತು, ಎಲ್ಲರ ಮೊಬೈಲಿನಲ್ಲೂ ಅದೇ. ಆದರೆ ಪುಡಿ, ಸಕ್ಕರೆ, ನಾಲ್ಕು ಹನಿ ನೀರು ಹಾಕಿ ಲೋಟದಲ್ಲಿ ಚಮಚದಿಂದ ತಿಕ್ಕುವ ಕಾಫಿ ಉತ್ತರ ಭಾರತದಲ್ಲಿ ಮೊದಲೇ ಇತ್ತು, ‘ಫೇಂಟಿ ಹುಯಿ ಕಾಫಿ’ ಎಂಬ ಹೆಸರಿನಲ್ಲಿ. ಆ ‘ನಾಲ್ಕು ಹನಿ’ ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಇಲ್ಲಿ ನೊರೆ ಕಟ್ಟುವುದು ಸಕ್ಕರೆಯಲ್ಲ, ಕಾಫಿ ಪುಡಿ. ಇನ್‌ಸ್ಟಂಟ್ ಪುಡಿ ಎಂದರೆ ಕಾಫಿಯ ಡಿಕಾಕ್ಷನ್ ಒಣಗಿಸಿ ಉಳಿಸಿದ ಸಾರ. ಅದರಲ್ಲಿರುವ ಪ್ರೋಟೀನಿನಂಥ ಅಂಶಗಳು ಗಾಳಿಯ ಗುಳ್ಳೆಯ ಸುತ್ತ ತೆಳ್ಳಗಿನ ಪೊರೆಯಂತೆ ಅಂಟಿಕೊಳ್ಳುತ್ತವೆ. ಫಿಲ್ಟರ್ ಪುಡಿಯಲ್ಲಿ ಇದು ಆಗುವುದಿಲ್ಲ, ಏಕೆಂದರೆ ಅದು ಬೀಜದ ಪುಡಿ, ನೀರಿನಲ್ಲಿ ಪೂರ್ತಿ ಕರಗುವಂಥದ್ದಲ್ಲ. ಸಕ್ಕರೆಯ ಕೆಲಸ ಬೇರೆ. ಅದು ನೀರನ್ನು ಪಾಕದಂತೆ ಮಂದ ಮಾಡುತ್ತದೆ. ಗುಳ್ಳೆಗಳ ನಡುವಿನ ನೀರು ಬೇಗ ಕೆಳಗೆ ಇಳಿದುಹೋದರೆ ಪೊರೆ ತೆಳುವಾಗಿ ಒಡೆಯುತ್ತದೆ. ಮಂದವಾದ ಪಾಕ ನಿಧಾನ ಇಳಿಯುತ್ತದೆ, ನೊರೆ ನಿಲ್ಲುತ್ತದೆ. ಡಿಪ್ಲೊಮಾ ಓದುವಾಗ ನೀರು ಮತ್ತು ಗೇರ್ ಎಣ್ಣೆ ಪೈಪಿನಲ್ಲಿ ಹರಿಯುವ ವ್ಯತ್ಯಾಸ ಕಲಿಸಿದ್ದರು. ಇದೂ ಅದೇ ಲೆಕ್ಕ.

ಈಗ ಅಳತೆ. ಮೊಬೈಲಿನಲ್ಲಿ ಹೇಳುವುದು ಪುಡಿ, ಸಕ್ಕರೆ, ನೀರು ತಲಾ ಎರಡು ದೊಡ್ಡ ಚಮಚ. ಕೇಳಲು ಸಮಪಾಲು, ಆದರೆ ತಕ್ಕಡಿಗೆ ಹಾಕಿದರೆ ಸಮ ಅಲ್ಲ. ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದರೆ ಎರಡು ದೊಡ್ಡ ಚಮಚ ಪುಡಿ ಸುಮಾರು 10 ಗ್ರಾಂ, ಸಕ್ಕರೆ ಸುಮಾರು 25 ಗ್ರಾಂ, ನೀರು 30 ಗ್ರಾಂ. ಕಾಫಿ ಪುಡಿ ಹಗುರ, ಚಮಚ ತುಂಬಿದಂತೆ ಕಾಣುತ್ತದೆ ಅಷ್ಟೆ. ಕಾಳುಕಾಳಾಗಿರುವ ಪುಡಿಯಾದರೆ ನಡುವೆ ಗಾಳಿ ಇರುವುದರಿಂದ ತೂಕ ಇನ್ನೂ ಕಡಿಮೆ ಬರಬಹುದು. ಮನೆಯಲ್ಲಿ ತಕ್ಕಡಿ ಇಲ್ಲದವರು ಚಮಚವನ್ನು ಸ್ವಲ್ಪ ಗೋಪುರವಾಗಿಯೇ ತುಂಬಲಿ.

ನಮ್ಮ ಪಕ್ಕದ ಮನೆಯ ಇತ್ತೀಚಿನ ಒಂದು ಕೇಸನ್ನೇ ನೋಡಿ. ಆಕೆ ಕೌಂಟರಿನಲ್ಲಿ ನೇತಾಡುವ ಎರಡು ಚಿಕ್ಕ ಪ್ಯಾಕೆಟ್ ಒಯ್ದರು. ಒಂದು ಪ್ಯಾಕೆಟ್ ಎಂದರೆ ಒಂದು ಚಮಚ ಎಂಬ ಲೆಕ್ಕ. ಸಕ್ಕರೆ ಎರಡು ದೊಡ್ಡ ಚಮಚ, ನೀರು ಎರಡು ದೊಡ್ಡ ಚಮಚ ಹಾಕಿದರು. ಮರುದಿನ ಬಂದು ನೊರೆ ಬರಲಿಲ್ಲ ಎಂದರು. ಅಂಥ ಪ್ಯಾಕೆಟಿನಲ್ಲಿ ಇರುವುದು ಒಂದೆರಡು ಗ್ರಾಂ ಮಾತ್ರ, ಹಿಂದೆ ಬರೆದಿರುತ್ತದೆ. ಎರಡೂ ಸೇರಿಸಿದರೆ ಮೂರು ಗ್ರಾಂ ಅಂತ ಇಟ್ಟುಕೊಳ್ಳಿ. ಹತ್ತು ಗ್ರಾಂ ಕೇಳುವ ನೀರಿಗೆ ಮೂರು ಗ್ರಾಂ ಪುಡಿ ಹಾಕಿ ಮಗ್ರಿಬ್‌ನಿಂದ ಇಶಾವರೆಗೆ ಕಲಕಿದರೂ ಏನೂ ಆಗದು. ಅದೇ ಮೂರು ಗ್ರಾಂ ಪುಡಿಗೆ ಎರಡು ಟೀ ಚಮಚ ಸಕ್ಕರೆ, ಒಂದು ಟೀ ಚಮಚ ಬಿಸಿ ನೀರು ಹಾಕಿ ಲೋಟದಲ್ಲೇ ತಿಕ್ಕಿ ಎಂದೆ. ನೊರೆ ಒಬ್ಬರಿಗೇ ಸಾಲುವಷ್ಟು ಬಂತು, ಆದರೆ ಗಟ್ಟಿ ಬಂತು.

ಆದ್ದರಿಂದ ಕೈಯಿಂದ ಮಾಡುವವರಿಗೆ ಕೊರಿಯಾದ ಸಮಪಾಲಿಗಿಂತ ಹಳೆಯ ‘ನಾಲ್ಕು ಹನಿ’ ಲೆಕ್ಕವೇ ಒಳ್ಳೆಯದು ಎಂಬುದು ನನ್ನ ವಾದ. ಎರಡು ಚಮಚ ಪುಡಿಗೆ ಒಂದೂವರೆ ಚಮಚ ನೀರಿನಿಂದ ಶುರು ಮಾಡಿ. ಬೀಟರ್ ಇದ್ದವರು ಎರಡು ಚಮಚವನ್ನೇ ಹಾಕಲಿ, ಅದರ ವೇಗ ಸಾಕಷ್ಟು ಗಾಳಿ ತುಂಬುತ್ತದೆ. ನೀರು ಕಡಿಮೆ ಮಾಡಿದರೆ ನೊರೆಯ ಗಾತ್ರ ಸ್ವಲ್ಪ ಕಡಿಮೆಯಾಗುತ್ತದೆ, ಅದು ಅದರ ಬೆಲೆ. ಅತಿಯಾಗಿ ಕಡಿಮೆ ಮಾಡಿದರೆ ಟಾರಿನಂತೆ ಅಂಟಿಕೊಂಡು ಗಾಳಿಯೇ ಒಳಗೆ ಹೋಗದು, ಆಗ ಅರ್ಧ ಟೀ ಚಮಚ ನೀರು ಬಿಟ್ಟರೆ ಸರಿಹೋಗುತ್ತದೆ. ನೀರು ಬಿಸಿ ಇರಲಿ. ತಣ್ಣೀರಿನಲ್ಲಿ ನೊರೆ ಬರುವುದಿಲ್ಲ ಎಂದಲ್ಲ, ನಮ್ಮ ದಪ್ಪ ಹರಳಿನ ಸಕ್ಕರೆ ಕರಗಲು ಹೊತ್ತು ಹಿಡಿಯುತ್ತದೆ. ಎರಡು ಬೆರಳಿನ ನಡುವೆ ಉಜ್ಜಿದಾಗ ತರಿತರಿ ಸಿಕ್ಕಿದರೆ ಇನ್ನೂ ಕರಗಿಲ್ಲ ಎಂದೇ ಅರ್ಥ.

ಕಲಕುವಾಗ ಗಡಿಯಾರ ನೋಡುವುದಕ್ಕಿಂತ ಬಣ್ಣ ನೋಡಿ. ಮೊದಲು ಕಪ್ಪು ದ್ರವ, ದೊಡ್ಡ ಗುಳ್ಳೆ. ಗುಳ್ಳೆ ಸಣ್ಣದಾಗುತ್ತಾ ಹೋದಂತೆ ಬಣ್ಣ ತಿಳಿಯಾಗಿ ಬೆಲ್ಲದ ಬಣ್ಣಕ್ಕೆ ಬರುತ್ತದೆ. ಆಮೇಲೆ ವಿಸ್ಕ್ ಎಳೆದ ಗೆರೆ ಮಾಯದೆ ಉಳಿಯುತ್ತದೆ. ಎತ್ತಿದಾಗ ತುದಿ ಬಾಗದೆ ನಿಂತರೆ ಆಯಿತು, ನಿಲ್ಲಿಸಿ. ಬೀಟರಿನಲ್ಲಿ ಇದು ಕೆಲವೇ ನಿಮಿಷ, ಕೈ ವಿಸ್ಕಿನಲ್ಲಿ ಹತ್ತು ನಿಮಿಷದ ಆಸುಪಾಸು. ಅಷ್ಟು ಹೊತ್ತಾದ ಮೇಲೂ ಬಟ್ಟಲು ಓರೆ ಮಾಡಿದಾಗ ತಳದಲ್ಲಿ ಕಪ್ಪು ನೀರು ಹರಿದರೆ ಇನ್ನೂ ಕಲಕುವುದು ದಂಡ. ಒಂದು ಚಮಚ ಪುಡಿ, ಒಂದು ಚಮಚ ಸಕ್ಕರೆ ಸೇರಿಸಿ, ನೀರು ಬೇಡ. ಹಾಲಂತೂ ಬೇಡವೇ ಬೇಡ.

ಹಾಲು ಏಕೆ ಬೇಡ ಎಂದರೆ ಅದರ ಕೊಬ್ಬು. ಜಿಡ್ಡು ಗುಳ್ಳೆಯ ಪೊರೆಯನ್ನು ಒಡೆಯುತ್ತದೆ. ತುಪ್ಪದ ಜಿಡ್ಡು ಉಳಿದ ಬಟ್ಟಲಿನಲ್ಲಿ ಕೆಲಸ ಕೆಡುವುದೂ ಇದಕ್ಕೇ. ಗಲ್ಫಿನಿಂದ ಬರುವವರು ತರುವ ‘ತ್ರೀ ಇನ್ ಒನ್’ ಪ್ಯಾಕೆಟಿನ ಗೋಳೂ ಇದೇ. ಅದರಲ್ಲಿ ಸಕ್ಕರೆಯ ಜೊತೆ ಕೊಬ್ಬಿರುವ ಕ್ರೀಮರ್ ಇದೆ, ಕಾಫಿ ಇರುವುದು ಸ್ವಲ್ಪ. ಅದು ಬಿಸಿ ನೀರಿಗೆ ಹಾಕಿ ಕುಡಿಯಲು ಚಂದ, ನೊರೆಗೆ ಆಗದು.

ಇನ್ನು ಸಕ್ಕರೆ ಕಾಯಿಲೆಯ ಮಾತು, ಯಾವ ಮನೆಯಲ್ಲಿ ಇಲ್ಲ ಹೇಳಿ. ನಮ್ಮ ಉಪ್ಪನಿಗೂ ಇದೆ. ಬಟ್ಟಲಿನ ಸಕ್ಕರೆ ಅರ್ಧ ಮಾಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ನೊರೆ ಬಂದರೂ ಲೋಟಕ್ಕೆ ಹಾಕುವ ಹೊತ್ತಿಗೆ ಕರಗುತ್ತದೆ. ಸಿಹಿ ಮಾತ್ರೆ ಹಾಕಿದರೆ ಸಿಹಿ ಬರುತ್ತದೆ, ಪಾಕದ ಮಂದ ಬರುವುದಿಲ್ಲ. ಲೋಟದ ಲೆಕ್ಕ ನೋಡಿ: 25 ಗ್ರಾಂ ಸಕ್ಕರೆಯ ನೊರೆಯನ್ನು ಎರಡು ಲೋಟಕ್ಕೆ ಹಂಚಿದರೆ ತಲಾ ಹನ್ನೆರಡು ಗ್ರಾಂ ಮೇಲೆ, ಅಂದರೆ ಮೂರು ಟೀ ಚಮಚ. ಐದು ಲೋಟಕ್ಕೆ ಹಂಚಿದರೆ ಒಂದು ಚಮಚದ ಆಸುಪಾಸು. ಉಪ್ಪನ ಲೋಟಕ್ಕೆ ಸಕ್ಕರೆ ಹಾಕದ ಹಾಲು, ಮೇಲೆ ಆ ಐದನೇ ಒಂದು ಪಾಲು ನೊರೆ. ಆ ಒಂದು ಚಮಚವನ್ನೂ ದಿನದ ಲೆಕ್ಕಕ್ಕೆ ಸೇರಿಸುತ್ತೇವೆ, ಅಂದು ಸಂಜೆಯ ಚಹಾಕ್ಕೆ ಸಕ್ಕರೆ ಇಲ್ಲ. ಪೂರ್ತಿ ಬಿಡಬೇಕು ಎಂದು ಡಾಕ್ಟರ್ ಹೇಳಿದವರಿಗೆ ಈ ಕಾಫಿ ಬೇಡ, ಸಾದಾ ಕಾಫಿ ಸಾಕು. ಉಳಿದ ನೊರೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಆಗುತ್ತದೆ, ಸ್ವಲ್ಪ ಇಳಿದಿದ್ದರೆ ಎರಡು ಸುತ್ತು ಕಲಕಿ.