ಅಣಕು ಸಂಸತ್ತಿನ ಅಂಕಪಟ್ಟಿ: ಉಪಪ್ರಶ್ನೆಗೆ ಎಷ್ಟು ಅಂಕ?

ಈ ವರ್ಷದ ಅಣಕು ಸಂಸತ್ತಿಗೆ ಅಂಕ ಕೊಡುವ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಸಂಶೋಧನೆ 10, ಮಾತುಗಾರಿಕೆ 10, ಕಲಾಪದ ನಿಯಮಗಳ ತಿಳಿವಳಿಕೆ 10. ಮೂರೂ ಸಮ ಸಮ ಇರುವುದರಿಂದ ಯಾರೂ ತಕರಾರು ಮಾಡಿಲ್ಲ. ನನ್ನದು ಒಂದು ತಕರಾರು ಇದೆ. ಮೂರು ಸಾಲು ಬೇರೆ ಬೇರೆ ಇದ್ದರೂ ಆ ದಿನ ತೀರ್ಪುಗಾರರ ಕಿವಿಗೆ ಬೀಳುವುದು ಮಾತು ಒಂದೇ. ಹಾಗಾಗಿ ಚೆನ್ನಾಗಿ ಮಾತಾಡಿದವರಿಗೆ ಮೂರೂ ಸಾಲಿನಲ್ಲಿ ಅಂಕ ಬೀಳುತ್ತದೆ.

ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯ 1966-67ರಿಂದ ಶಾಲೆಗಳಿಗೆ ಯುವ ಸಂಸತ್ತು ಸ್ಪರ್ಧೆ ನಡೆಸುತ್ತಾ ಬಂದಿದೆ. ಅವರ ಅಂಕಪಟ್ಟಿ 100ಕ್ಕೆ. ಶಿಸ್ತಿಗೆ 10, ಸಂಸದೀಯ ಕಾರ್ಯವಿಧಾನಕ್ಕೆ 20, ಪ್ರಶ್ನೆ, ಉಪಪ್ರಶ್ನೆಗಳ ವಿಷಯ ಮತ್ತು ಅವುಗಳ ಉತ್ತರದ ಗುಣಮಟ್ಟಕ್ಕೆ 20, ಚರ್ಚೆಯ ವಿಷಯದ ಆಯ್ಕೆಗೆ 10, ಭಾಷಣ ಮತ್ತು ಚರ್ಚೆಯ ಮಟ್ಟಕ್ಕೆ 30, ಒಟ್ಟಾರೆ ಪ್ರದರ್ಶನಕ್ಕೆ 10. ಅದು ಇಡೀ ತಂಡಕ್ಕೆ ಕೊಡುವ ಅಂಕ, ನಮ್ಮದು ಒಬ್ಬೊಬ್ಬರಿಗೆ. ಅದರಲ್ಲಿ 'ಸಂಶೋಧನೆ' ಅಂತ ಬೇರೆ ಸಾಲೇ ಇಲ್ಲ, ಆದರೆ ಉಪಪ್ರಶ್ನೆಗೆ ಹೆಸರು ಹೇಳಿ ಜಾಗ ಕೊಟ್ಟಿದ್ದಾರೆ. ನಮ್ಮ ಪಟ್ಟಿಯಲ್ಲಿ ಇಲ್ಲದಿರುವುದು ಅದೇ.

ಒಂದು ಪ್ರಶ್ನೆ ತೆಗೆದುಕೊಂಡು ನೋಡೋಣ. ನಮ್ಮ ಭಾಗದವರಿಗೆ ಬೇರೆ ಹೇಳಬೇಕಿಲ್ಲ, ವಿ.ಸಿ. ನಾಲೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಹೋದರು. ಅದಾದ ಮೇಲೂ ನಾಲೆ ಪಕ್ಕದ ರಸ್ತೆಗೆ ತಡೆಗೋಡೆ ಕೇಳುವುದು ನಿಂತಿಲ್ಲ. ಅಣಕು ಸಂಸತ್ತು ಅಂದರೆ ನಮ್ಮಲ್ಲಿ ಯಾರಾದರೂ ಒಬ್ಬರು ಈ ಪ್ರಶ್ನೆ ತೆಗೆದೇ ತೆಗೆಯುತ್ತಾರೆ.

ಮೊದಲನೆಯ ಸದಸ್ಯ ಎದ್ದು, "ಇನ್ನೆಷ್ಟು ಹೆಣ ಬಿದ್ದ ಮೇಲೆ ಈ ಸರ್ಕಾರ ನಿದ್ದೆಯಿಂದ ಏಳುತ್ತದೆ?" ಅನ್ನುತ್ತಾನೆ ಅಂತಿಟ್ಟುಕೊಳ್ಳಿ. ಹಾಲಿನಲ್ಲಿ ಚಪ್ಪಾಳೆ. ಎರಡನೆಯವಳು, "ಮಾನ್ಯ ಸಭಾಧ್ಯಕ್ಷರೇ, ನನ್ನ ಪ್ರಶ್ನೆ ಸಂಖ್ಯೆ 4" ಎಂದಷ್ಟೇ ಹೇಳಿ ಕೂರುತ್ತಾಳೆ. ಅವಳ ಪ್ರಶ್ನೆ ಮೊದಲೇ ಅಚ್ಚಾಗಿ ಎಲ್ಲರ ಕೈಯಲ್ಲಿದೆ: (ಅ) ಜಿಲ್ಲೆಯಲ್ಲಿ ವಿ.ಸಿ. ನಾಲೆಗೆ ಹೊಂದಿಕೊಂಡ ರಸ್ತೆ ಎಷ್ಟು ಕಿಲೋಮೀಟರ್. (ಆ) ಅದರಲ್ಲಿ ತಡೆಗೋಡೆ ಇರುವುದು ಎಷ್ಟು. (ಇ) ಉಳಿದ ಕಡೆ ಯಾವಾಗ ಕಟ್ಟಲಾಗುವುದು?

ನಿಜವಾದ ಸದನದಲ್ಲಿ ಮೊದಲನೆಯದು ಪ್ರಶ್ನೆ ಅಂತಲೇ ದಾಖಲಾಗುವುದಿಲ್ಲ. ಲೋಕಸಭೆಯ ನಿಯಮದಲ್ಲಿ ಪ್ರಶ್ನೆಯೊಳಗೆ ವಾದ, ವ್ಯಂಗ್ಯ, ಆರೋಪ ಇರಬಾರದು. ಚುಕ್ಕೆ ಗುರುತಿನ ಪ್ರಶ್ನೆಯನ್ನು ಸದನದಲ್ಲಿ ಓದುವುದೂ ಇಲ್ಲ. ಸಂಖ್ಯೆ ಹೇಳಿದರೆ ಸಾಕು, ಮಂತ್ರಿಯ ಉತ್ತರವನ್ನು ಸದನದ ಮುಂದೆ ಇಟ್ಟಿರುತ್ತಾರೆ. ನಮ್ಮ ಈಗಿನ ಪಟ್ಟಿಯಲ್ಲಿ ಮಾತ್ರ ಮೊದಲನೆಯವನಿಗೆ ಮಾತುಗಾರಿಕೆಯಲ್ಲಿ 9 ಸಿಗುತ್ತದೆ, ಎರಡನೆಯವಳು "ಏನೂ ಮಾತಾಡಲಿಲ್ಲ" ಅನ್ನಿಸಿಕೊಳ್ಳುತ್ತಾಳೆ.

ಇನ್ನೂ ಒಂದು ಗಂಟು ಇದೆ. ನಾವು ನಡೆಸುವುದು ಸಂಸತ್ತು, ವಿಧಾನಸಭೆ ಅಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 17ನೇ ನಮೂದು ನೀರಾವರಿ ಮತ್ತು ಕಾಲುವೆಗಳದ್ದು. ಹಾಗಾದರೆ ನಾಲೆಯ ತಡೆಗೋಡೆಯನ್ನು ದೆಹಲಿಯ ಮಂತ್ರಿಯನ್ನು ಕೇಳಿದರೆ, ಇದು ರಾಜ್ಯ ಸರ್ಕಾರದ ವಿಷಯ ಅಂತ ಕೈ ತೊಳೆದುಕೊಳ್ಳುತ್ತಾರೆ. ಇದೇ ದುರಂತದ ಬಗ್ಗೆ ಲೋಕಸಭೆಯಲ್ಲಿ ಕೇಳಬೇಕಾದರೆ ದಾರಿ ಬೇರೆ: ಮೋಟಾರು ವಾಹನ ಕಾಯ್ದೆ 1988 ಕೇಂದ್ರದ್ದು, ಆದ್ದರಿಂದ ಹಳೆಯ ಬಸ್ಸುಗಳಿಗೆ ಅರ್ಹತಾ ಪತ್ರ ಕೊಡುವ ನಿಯಮದ ಬಗ್ಗೆ ಕೇಳಬಹುದು. ಇಷ್ಟು ಯೋಚನೆ ಮಾಡಿದ ವಿದ್ಯಾರ್ಥಿ ಸಂಶೋಧನೆಯನ್ನೂ ಮಾಡಿದ್ದಾನೆ, ನಿಯಮವನ್ನೂ ತಿಳಿದಿದ್ದಾನೆ. ಇದಕ್ಕೆ ಎಲ್ಲಿ ಅಂಕ ಹಾಕಬೇಕು ಅಂತ ನಮ್ಮ ಪಟ್ಟಿ ಹೇಳುವುದಿಲ್ಲ.

ನಿಜವಾದ ಪರೀಕ್ಷೆ ಇದರ ನಂತರ ಬರುತ್ತದೆ. ಮಂತ್ರಿಯ ಉತ್ತರ ಬಂದ ಮೇಲೆ ಸದಸ್ಯರು ಉಪಪ್ರಶ್ನೆ ಕೇಳುತ್ತಾರೆ, ಅದು ಆ ಉತ್ತರದಿಂದಲೇ ಹುಟ್ಟಬೇಕು. "ಟೆಂಡರ್ ಕರೆಯಲಾಗಿದೆ" ಎಂದು ಮಂತ್ರಿ ಅಂದರೆ, "ಎಷ್ಟು ಕಿಲೋಮೀಟರಿಗೆ, ಕೆಲಸ ಮುಗಿಸಲು ಎಷ್ಟು ತಿಂಗಳು?" ಎಂದು ಕೇಳುವುದು ಉಪಪ್ರಶ್ನೆ. "ಸರಿ, ಕೆ.ಆರ್.ಎಸ್. ರಸ್ತೆಯ ಗುಂಡಿ ಯಾವಾಗ ಮುಚ್ಚುತ್ತೀರಿ?" ಎನ್ನುವುದು ಉಪಪ್ರಶ್ನೆ ಅಲ್ಲ, ಬೇರೆಯೇ ಪ್ರಶ್ನೆ. ಕಿವಿಗೊಟ್ಟು ಕೇಳದೆ, ವಿಷಯ ಓದಿಕೊಳ್ಳದೆ ಉಪಪ್ರಶ್ನೆ ಕೇಳಲಾಗುವುದಿಲ್ಲ. ನಮ್ಮಲ್ಲಿ ಆಗುವುದೇನೆಂದರೆ ಪ್ರಶ್ನೆ, ಉತ್ತರ, ಉಪಪ್ರಶ್ನೆ, ಗಲಾಟೆ, ಸಭಾತ್ಯಾಗ ಎಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಿಸುತ್ತಾರೆ. ಮಂತ್ರಿ ಒಂದು ಸಾಲು ಮರೆತರೂ ವಿರೋಧ ಪಕ್ಷದವರು ಆ ಮರೆತ ಸಾಲಿಗೇ ಉಪಪ್ರಶ್ನೆ ಕೇಳುತ್ತಾರೆ. ತೀರ್ಪುಗಾರರು ಇದೊಂದನ್ನು ಗಮನಿಸಿದರೆ ಸಾಕು, ಯಾರು ಓದಿಕೊಂಡು ಬಂದಿದ್ದಾರೆ ಅಂತ ಗೊತ್ತಾಗುತ್ತದೆ.

ಆದ್ದರಿಂದ 30 ಅಂಕವನ್ನು ಹೀಗೆ ಹಂಚಬಹುದು ಅನ್ನಿಸುತ್ತದೆ. ಸಂಶೋಧನೆಗೆ 8, ಅದೂ ಎರಡು ದಿನ ಮೊದಲೇ ಚೀಟಿ ನೋಡಿ. ಬಳಸುವ ಪ್ರತಿ ಅಂಕಿಯ ಮುಂದೆ ಅದು ಎಲ್ಲಿಂದ ಬಂತು ಅಂತ ಬರೆದಿರಬೇಕು. ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕುವುದಿಲ್ಲವಲ್ಲ, ಹಾಗೆ. ಪ್ರಶ್ನೆ ಆ ಸದನಕ್ಕೆ, ಆ ಮಂತ್ರಿಗೆ ಸೇರಿದ್ದೇ, ನಿಯಮದಂತೆ ಬರೆದಿದೆಯೇ ಎಂಬುದಕ್ಕೆ 6. ಉಪಪ್ರಶ್ನೆ ಅಥವಾ ಅದಕ್ಕೆ ಕೊಟ್ಟ ಉತ್ತರಕ್ಕೆ 10, ಅದರಲ್ಲಿ ಒಂದಾದರೂ ನೋಟ್‌ಬುಕ್ಕಿನಲ್ಲಿ ಇಲ್ಲದ್ದಾಗಿರಬೇಕು. ಮಂತ್ರಿ ಆದವರಿಗೆ ಉತ್ತರ ಗೊತ್ತಿಲ್ಲದಿದ್ದರೆ, "ಮಾಹಿತಿ ತರಿಸಿ ಮಾನ್ಯ ಸದಸ್ಯರಿಗೆ ಒದಗಿಸುತ್ತೇನೆ" ಎಂದರೂ ಅಂಕ ಕೊಡಬೇಕು, ಸುಳ್ಳು ಅಂಕಿ ಹೇಳಿದರೆ ಕಳೆಯಬೇಕು. ಮಾತುಗಾರಿಕೆಗೆ ಉಳಿದ 6.

ನಿಯಮ ಗೊತ್ತಿದೆ ಅಂತ ತೋರಿಸಲು "ಕ್ರಿಯಾಲೋಪ, ಕ್ರಿಯಾಲೋಪ" ಅಂತ ಕೂಗುವವರಿಗೆ ಅಂಕ ಬೇಡ. ಕ್ರಿಯಾಲೋಪ ಎತ್ತುವವರು ಯಾವ ನಿಯಮ ಅಥವಾ ಸಂವಿಧಾನದ ಯಾವ ವಿಧಿ ಮುರಿದಿದೆ ಅಂತ ಹೇಳಬೇಕು, ಅದೂ ಆಗ ಸದನದ ಮುಂದಿರುವ ವಿಷಯಕ್ಕೆ ಸಂಬಂಧಿಸಿರಬೇಕು. ಸುಮ್ಮನೆ ಮಾಹಿತಿ ಕೇಳಲು ಅದನ್ನು ಬಳಸುವಂತಿಲ್ಲ. ಟಿವಿಯಲ್ಲಿ ನೋಡಿ ಕಲಿತದ್ದಕ್ಕೂ ನಿಯಮ ಪುಸ್ತಕಕ್ಕೂ ಇಷ್ಟು ಅಂತರ ಇದೆ.

ಮಾತುಗಾರಿಕೆಯ ಕೆಳಗೆ 'ಶುದ್ಧ ಉಚ್ಚಾರಣೆ' ಅಂತ ಸೇರಿಸಿದ್ದಾರೆ. ನಮ್ಮ ಮನೆಯಲ್ಲಿ ಉರ್ದು. ನಮ್ಮಂಥವರ ಬಾಯಲ್ಲಿ 'ಳ' ಹೊರಳುವುದು ಕಷ್ಟ, ಬೆಳಗೊಳದ ಹೆಸರಿನಲ್ಲೇ ಎರಡು 'ಳ' ಇವೆ, ಏನು ಮಾಡುವುದು? ಮಂಡ್ಯ ಕಡೆಯ ಕನ್ನಡದ ಮನೆಯವರೂ ಹಾಲಿಗೆ 'ಆಲು' ಅನ್ನುತ್ತಾರೆ, ಅವರಿಗೂ ಇಲ್ಲಿ ಅಂಕ ಹೋಗುತ್ತದೆ. ಸಂವಿಧಾನದ 120ನೇ ವಿಧಿಯಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲಾಗದ ಸದಸ್ಯರು ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ವಿಧಾನಸಭೆಗೂ 210ನೇ ವಿಧಿಯಲ್ಲಿ ಇಂಥದೇ ಅವಕಾಶ ಇದೆ. ನಾನು ಕನ್ನಡದಲ್ಲೇ ಮಾತಾಡುತ್ತೇನೆ, ಅನುಮತಿ ಕೇಳುತ್ತಿಲ್ಲ. ಆದರೆ ನಿಜವಾದ ಸದನ ಕಳೆಯದ ಅಂಕವನ್ನು ಅಣಕು ಸದನ ಕಳೆಯುವುದು ಯಾಕೆ? ಆ ಪದದ ಬದಲು 'ಹಿಂದಿನ ಬೆಂಚಿನವರಿಗೂ ಅರ್ಥವಾಯಿತೇ' ಅಂತ ಬರೆದರೆ ಎಲ್ಲರಿಗೂ ಅನ್ವಯಿಸುತ್ತದೆ.

ಇಷ್ಟೆಲ್ಲ ಅಳೆಯಲು ಉಪನ್ಯಾಸಕರಿಗೆ ಸಮಯ ಎಲ್ಲಿ ಅನ್ನುವ ಮಾತು ನ್ಯಾಯವೇ. 40 ಮಂದಿಯ ಚೀಟಿ ಓದುವುದು ಸುಲಭ ಅಲ್ಲ. ಪ್ರಶ್ನೆಗಳನ್ನು 8ಕ್ಕೆ ಇಳಿಸಿ, ಒಂದೊಂದಕ್ಕೆ ಐದು ಜನರ ಗುಂಪು ಮಾಡಿದರೆ ಎಂಟೇ ಚೀಟಿ ಆಗುತ್ತದೆ.

ಪಟ್ಟಿ ಅಂತಿಮ ಆಗುವ ಮುಂಚೆ ಹೋದ ವರ್ಷದ ವಿಡಿಯೋದಲ್ಲಿ ಹತ್ತು ನಿಮಿಷ ಹಾಕಿ, ಮೂವರು ಉಪನ್ಯಾಸಕರು ಒಬ್ಬರದನ್ನೊಬ್ಬರು ನೋಡದೆ ಅಂಕ ಬರೆಯಲಿ. ಯಾವ ಸಾಲಿನಲ್ಲಿ ಒಬ್ಬರು 3, ಇನ್ನೊಬ್ಬರು 8 ಕೊಡುತ್ತಾರೋ ಆ ಸಾಲಿನ ಅರ್ಥ ಅವರಿಗೇ ಒಂದಾಗಿಲ್ಲ ಅಂತ ಲೆಕ್ಕ. ಅದನ್ನು ಮತ್ತೆ ಬರೆದು ನೋಟಿಸ್ ಬೋರ್ಡಿಗೆ ಹಾಕಲಿ.