ಡಬ್ಬಿಯ ದರ ಏರಿದಾಗ

ಧಾರವಾಡದಂತಹ ವಿದ್ಯಾರ್ಥಿಗಳ ಊರಿನಲ್ಲಿ ಊಟದ ಡಬ್ಬಿ ಕಳಿಸುವ ಸಣ್ಣ ಖಾನಾವಳಿಗೆ ಕಾಯಂ ಗಿರಾಕಿಗಳೇ ಆಧಾರ. ದರ ಏರಿಸುವಾಗ ಗೋಡೆಗೆ ಚೀಟಿ ಅಂಟಿಸುತ್ತಿದ್ದ ಕಡೆ ಈಗ ಇನ್‌ಸ್ಟಾಗ್ರಾಮಿನಲ್ಲಿ ‘ಕ್ಯಾರೊಸೆಲ್’ ಹಾಕುವುದುಂಟು. ಬೆರಳಿನಿಂದ ಸರಿಸುತ್ತ ಒಂದೊಂದಾಗಿ ನೋಡುವ ಚಿತ್ರಗಳ ಸರಣಿಯೇ ಇದು. 2017ರಲ್ಲಿ ಬಂದಾಗ ಇದರಲ್ಲಿ ಹತ್ತು ಚಿತ್ರಗಳವರೆಗೆ ಹಾಕಬಹುದಿತ್ತು. 2024ರಲ್ಲಿ ಆ ಮಿತಿ ಇಪ್ಪತ್ತಕ್ಕೇರಿತು. ದರ ತಿಳಿಸಲು ನಾಲ್ಕೇ ಸಾಕು.

ನೋಡುವವರೆಲ್ಲ ಕೊನೆಯವರೆಗೆ ಸರಿಸುವುದಿಲ್ಲ. ಆದ್ದರಿಂದ ಹಳೆಯ ದರ, ಹೊಸ ದರ, ಜಾರಿಗೆ ಬರುವ ದಿನ ಈ ಮೂರೂ ಮೊದಲ ಚಿತ್ರದಲ್ಲೇ ಇರಬೇಕು. ‘ಜೂನ್ 1ರಿಂದ ಒಂದು ಡಬ್ಬಿಗೆ 70ರ ಬದಲು 75 ರೂಪಾಯಿ’ ಎಂದರೆ ಆಯಿತು. ಹೂವಿನ ಚಿತ್ರ, ‘ಒಂದು ಮುಖ್ಯ ವಿಷಯ’ ಎಂಬ ಪೀಠಿಕೆ ಇಟ್ಟು ದರವನ್ನು ಕೊನೆಗೆ ತಳ್ಳಿದರೆ, ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನ್ನಿಸುತ್ತದೆ.

ಎರಡನೆಯ ಚಿತ್ರ ಕಾರಣಕ್ಕೆ. ‘ಎಲ್ಲ ಬೆಲೆ ಏರಿದೆ’ ಎಂದರೆ ಯಾರಿಗೂ ಸಮಾಧಾನವಾಗದು, ಲೆಕ್ಕವನ್ನೇ ತೋರಿಸಬೇಕು. ಒಂದು ಖಾನಾವಳಿ ನಲವತ್ತು ಜನರಿಗೆ ತಿಂಗಳಿಗೆ 26 ದಿನ ಡಬ್ಬಿ ಕೊಡುತ್ತದೆ ಎಂದುಕೊಳ್ಳೋಣ. ಒಟ್ಟು 1,040 ಡಬ್ಬಿ. ಬೇಳೆ, ಎಣ್ಣೆ, ತರಕಾರಿಗೆ 2,600, ಅಡುಗೆಯವರ ಸಂಬಳಕ್ಕೆ 2,000, ನಾಲ್ಕು ಸಿಲಿಂಡರಿಗೆ 600 ರೂಪಾಯಿ ಹೆಚ್ಚಾದರೆ ಒಟ್ಟು 5,200. ಡಬ್ಬಿಗೆ ಸರಿಯಾಗಿ 5 ರೂಪಾಯಿ! ಹೀಗೆ ಲೆಕ್ಕ ತೋರಿಸಿ ಹತ್ತು ರೂಪಾಯಿ ಏರಿಸಿದರೆ ಮಾತ್ರ ಆ ಲೆಕ್ಕವೇ ತಿರುಗಿಬೀಳುತ್ತದೆ.

ಮೂರನೆಯದು ಹಳೆಯ ಗಿರಾಕಿಗಳಿಗೆ. ಮುಂಗಡ ಕೊಟ್ಟವರಿಗೆ ಆ ಅವಧಿ ಮುಗಿಯುವವರೆಗೆ ಹಳೆಯ ದರವೇ, ರೊಟ್ಟಿ ಪಲ್ಯದ ಪ್ರಮಾಣದಲ್ಲಿ ಕಡಿತವಿಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. ಪಾಲಿಸಲಾಗದ ರಿಯಾಯಿತಿಯ ಮಾತು ಬೇಡ. ನಾಲ್ಕನೆಯದರಲ್ಲಿ ಫೋನ್ ಸಂಖ್ಯೆ, ಮಾತನಾಡಲು ಸಿಗುವ ವೇಳೆ, ‘ತೊಂದರೆಯಾದರೆ ದಯವಿಟ್ಟು ತಿಳಿಸಿ’ ಎಂಬ ಒಂದು ಸಾಲು. ಪುಟಗಟ್ಟಲೆ ಕ್ಷಮೆ ಕೇಳಬೇಕಾಗಿಲ್ಲ.

ಇಲ್ಲೊಂದು ತೊಡಕಿದೆ. ಇನ್‌ಸ್ಟಾಗ್ರಾಮ್ ನೋಡುವವರು ಮಕ್ಕಳು, ಹಣ ಕೊಡುವವರು ಊರಲ್ಲಿರುವ ತಂದೆತಾಯಿ. ಮಗ ಮೊದಲ ಚಿತ್ರವನ್ನಷ್ಟೇ ವಾಟ್ಸಾಪಿನಲ್ಲಿ ಮನೆಗೆ ಕಳಿಸಿದರೆ ತಂದೆಗೆ ದರ ಕಾಣುತ್ತದೆ, ಕಾರಣ ಕಾಣುವುದಿಲ್ಲ. ತಿಂಗಳಿಗೆ 130 ರೂಪಾಯಿ ಏಕೆ ಹೆಚ್ಚು ಎಂದು ಅವರು ಮಗನನ್ನೇ ಗದರಿಸಬಹುದು. ಅದಕ್ಕಾಗಿ ಪ್ರತಿ ಚಿತ್ರದ ಮೂಲೆಯಲ್ಲೂ 1/4, 2/4 ಎಂದು ಸಂಖ್ಯೆ, ಜೊತೆಗೆ ಖಾನಾವಳಿಯ ಹೆಸರು ಇರಲಿ. ಮುಂದೆ ಇನ್ನೂ ಇದೆ ಎಂಬುದು ತಿಳಿಯುತ್ತದೆ. ಅಕ್ಷರಗಳೂ ಕನ್ನಡಕ ಹಾಕುವವರಿಗೆ ಕಾಣುವಷ್ಟು ದಪ್ಪವಾಗಿರಲಿ.

ಪ್ರಕಟಣೆ ಮುಟ್ಟಿತೇ ಎಂದು ತಿಳಿಯಲು ಬರುವ ಫೋನುಗಳೇ ಸಾಕು. ‘ಯಾವತ್ತಿನಿಂದ?’ ಎಂದು ಹಲವರು ಕೇಳಿದರೆ ಮೊದಲ ಚಿತ್ರ ಸೋತಿದೆ, ‘ಏಕೆ?’ ಎಂದರೆ ಎರಡನೆಯದು. ಯಾರೂ ಏನೂ ಕೇಳದೆ ಡಬ್ಬಿ ನಿಲ್ಲಿಸುತ್ತಾ ಹೋದರೆ, ಐದು ರೂಪಾಯಿಯೇ ಅವರಿಗೆ ಭಾರವಾಗಿರಬಹುದು. ಅದನ್ನು ಯಾವ ಚಿತ್ರವೂ ಸರಿಪಡಿಸಲಾರದು. ಅಂಥವರಿಗೆ ಖಾನಾವಳಿಯವರೇ ಒಂದು ಫೋನ್ ಮಾಡಬೇಕು.