ಕಾಗೋಡಿನ ಕೊಳಗ ಕೇಳುವ ಪ್ರಶ್ನೆ

ರೈತ ಹೋರಾಟವೊಂದರ ಮೇಲೆ ಟರ್ಮ್ ಪೇಪರ್ ಬರೆಯುವ ವಿದ್ಯಾರ್ಥಿಗಳು ಮೊದಲರ್ಧದಲ್ಲಿ ಭೂಒಡೆತನ, ಜಾತಿ, ಗೇಣಿಗಳನ್ನು ವಿವರಿಸಿ ಅದಕ್ಕೆ ‘ಸಂರಚನೆ’ ಎನ್ನುತ್ತಾರೆ. ಉಳಿದರ್ಧದಲ್ಲಿ ನಾಯಕರ ಕಥೆ ಹೇಳಿ ಅದನ್ನು ‘ಕರ್ತೃತ್ವ’ ಎನ್ನುತ್ತಾರೆ. ಎರಡಕ್ಕೂ ಸಮನಾಗಿ ಪುಟ ಕೊಟ್ಟರೆ ಸಮತೋಲನ ಬಂದಂತಲ್ಲ. ಯಾವ ಪ್ರಶ್ನೆಗೆ ಯಾವುದು ಉತ್ತರವಾಗಬಲ್ಲದು ಎಂದು ಬೇರ್ಪಡಿಸಿದಾಗಲೇ ವಿಶ್ಲೇಷಣೆ ಶುರುವಾಗುತ್ತದೆ.

ಸಾಗರ ತಾಲೂಕಿನ ಕಾಗೋಡನ್ನೇ ನೋಡೋಣ. ಅಲ್ಲಿನ ಗೇಣಿದಾರರು ಹೆಚ್ಚಾಗಿ ದೀವರು, ಭೂಮಿ ಒಡೆಯರದು. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ವಾಡಿಕೆಯದಕ್ಕಿಂತ ದೊಡ್ಡದು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ಕೇಳಿದ ಒಕ್ಕಲುಗಳು ಭೂಮಿಯಿಂದ ಹೊರಬಿದ್ದರು. 1951ರ ಏಪ್ರಿಲ್ 18ರಂದು ಅವರು ನೇಗಿಲು ಹೂಡಿ ಗದ್ದೆಗಿಳಿದು ಬಂಧನಕ್ಕೊಳಗಾದರು.

ಜೇಮ್ಸ್ ಸ್ಕಾಟ್ 1976ರಲ್ಲಿ ಮಂಡಿಸಿದ ನೈತಿಕ ಅರ್ಥವ್ಯವಸ್ಥೆಯ ಸಿದ್ಧಾಂತ ಇಲ್ಲಿ ಚೆನ್ನಾಗಿ ಹೊಂದುವಂತೆ ಕಾಣುತ್ತದೆ. ಬದುಕುವಷ್ಟನ್ನು ಉಳಿಸಿಕೊಡಬೇಕೆಂಬ ಅಲಿಖಿತ ಕಟ್ಟಳೆ ಮುರಿದಾಗ ರೈತ ಸಿಡಿಯುತ್ತಾನೆ ಎನ್ನುವ ವಾದ ಅದು. ಆದರೆ ದೊಡ್ಡ ಕೊಳಗ 1951ರಲ್ಲಿ ಹೊಸದಾಗಿ ಬಂದದ್ದಲ್ಲ. ಗೇಣಿಯ ಕಾಟ ಮಲೆನಾಡಿನ ಎಷ್ಟೋ ಊರುಗಳಲ್ಲಿತ್ತು. ಬಹುಕಾಲದಿಂದ ಇದ್ದ, ಎಲ್ಲೆಡೆ ಇದ್ದ ಕಾರಣ ‘ಈ ಊರಲ್ಲೇ, ಈಗಲೇ ಏಕೆ’ ಎಂಬುದಕ್ಕೆ ತಾನೊಂದೇ ಉತ್ತರವಾಗದು. ಅನ್ಯಾಯ ಏಕೆ ಹುಟ್ಟಿತು, ಬೇಡಿಕೆ ಅಳತೆಯ ರೂಪವನ್ನೇ ಏಕೆ ತಾಳಿತು ಎಂಬುದನ್ನು ಮಾತ್ರ ಅದು ಹೇಳೀತು.

ಉಳಿದದ್ದಕ್ಕೆ 1951ಕ್ಕೆ ಮೊದಲಿನ ವರ್ಷಗಳನ್ನು ನೋಡಬೇಕು. ಎಚ್. ಗಣಪತಿಯಪ್ಪನವರು 1948ರ ಹೊತ್ತಿಗೆ ಸಾಗರದಲ್ಲಿ ರೈತ ಸಂಘ ಕಟ್ಟಿದ್ದರು. ಒಂಟಿ ಗೇಣಿದಾರನ ಗೊಣಗಾಟ ಊರಿನ ಒಕ್ಕೊರಲ ಬೇಡಿಕೆಯಾದದ್ದು ಇಂಥ ಸಂಘಟನೆಯಿಂದ. ಇದನ್ನು ಪೂರ್ತಿಯಾಗಿ ಕರ್ತೃತ್ವದ ಖಾತೆಗೆ ಬರೆಯುವುದೂ ಅವಸರವೇ. ಸ್ವಾತಂತ್ರ್ಯ ಬಂದಿತ್ತು, ವಯಸ್ಕ ಮತದಾನದ ಮೊದಲ ಚುನಾವಣೆ ಸಮೀಪಿಸಿತ್ತು, ಸಮಾಜವಾದಿ ಪಕ್ಷಕ್ಕೆ ಹಳ್ಳಿಯಲ್ಲಿ ನೆಲೆ ಬೇಕಿತ್ತು. ಸಂರಚನೆಯೂ ಕದಲುತ್ತಿತ್ತು, ಬಿರುಕನ್ನು ಗುರುತಿಸಿ ಬಳಸಿಕೊಂಡದ್ದು ಜನ.

ಯಾವ ಜನ? ಇಲ್ಲೇ ಹೆಚ್ಚಿನ ಪೇಪರುಗಳು ಜಾರುತ್ತವೆ. ಶಾಂತವೇರಿ ಗೋಪಾಲಗೌಡರು ಬಂದರು, ಜೂನ್‌ನಲ್ಲಿ ಲೋಹಿಯಾ ಬಂದು ಬಂಧಿತರಾದರು ಎಂದು ಬರೆದು, ಕರ್ತೃತ್ವವೆಂದರೆ ನಾಯಕತ್ವ ಎಂದು ಮುಗಿಸಿಬಿಡುತ್ತವೆ. ಲೋಹಿಯಾ ಬರುವಷ್ಟರಲ್ಲಿ ಒಕ್ಕಲುಗಳು ಎರಡು ತಿಂಗಳಷ್ಟು ಹೋರಾಡಿದ್ದರು. ರೈತ ದಂಗೆಗಳನ್ನು ಹೊರಗಿನವರ ಪ್ರಚೋದನೆಯೆಂದೇ ಓದುವ ಚಟವನ್ನು ರಣಜಿತ್ ಗುಹಾ 1983ರಲ್ಲಿ ಟೀಕಿಸಿದ್ದು ನನಗೆ ಇಲ್ಲಿ ಅತ್ಯಂತ ಮುಖ್ಯವೆನಿಸುತ್ತದೆ. ದಿನಾಂಕಗಳನ್ನು ಸಾಲಾಗಿ ಬರೆದು, ಪ್ರತಿ ನಿರ್ಧಾರದ ಮುಂದೆ ಅದನ್ನು ತೆಗೆದುಕೊಂಡವರು ಯಾರು, ಅವರಿಗೆ ಬೇರೆ ಯಾವ ದಾರಿಯಿತ್ತು ಎಂದು ಗುರುತು ಹಾಕಿ ನೋಡಿ. ‘ಬೇರೆ ದಾರಿ’ಯ ಜಾಗ ಖಾಲಿ ಉಳಿದರೆ ನೀವು ಕರ್ತೃತ್ವವನ್ನು ತೋರಿಸಿಲ್ಲ, ಬರಿದೆ ಹೆಸರಿಸಿದ್ದೀರಿ.

ಫಲಿತಾಂಶದಿಂದ ಕರ್ತೃತ್ವವನ್ನು ಅಳೆಯುವುದೂ ಸಲ್ಲದು. ಉಳುವವನಿಗೆ ಭೂಮಿ ಕೊಡುವ ಬಲವಾದ ಕಾನೂನು ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಅದರ ಲಾಭವೂ ಮುಖ್ಯವಾಗಿ ಗೇಣಿದಾರರಿಗೆ ಸಂದಿತು. ಕೂಲಿಕಾರನಿಗೆ ಅಷ್ಟು ದಕ್ಕಲಿಲ್ಲ. 1951ರ ಬೇಡಿಕೆ ಕೊಳಗದ್ದು, ಗೇಣಿ ಕೊಡುವವನದ್ದು. ಕೂಲಿಯ ಪ್ರಶ್ನೆ ಅದರೊಳಗೆ ಎಷ್ಟು ಇತ್ತು, ಏಕೆ ಹಿಂದೆ ಸರಿಯಿತು ಎಂದು ವಿದ್ಯಾರ್ಥಿ ಹುಡುಕಲಿ.